ಇಂಟರ್ವ್ಯೂಕ್ಕ ‘ಹೂಂ’ ಅನ್ನೂಕಿಂತ ಮೊದಲ ಕೇಳ್ಬೇಕಾದ ಮೂರು ಮಾತು

ಕಲಬುರಗಿಯ ಒಂದು ಡಿಗ್ರಿ ಕಾಲೇಜಿನಾಗ ಫೈನಲ್ ಇಯರ್ ಹುಡುಗ್ರ ಮುಂದ ಮಾತಾಡಿದ್ದು ಇದು. ಅವತ್ತು ಬರ್ಲಿಕ್ಕೆ ಆಗಲಾರದವ್ರು ಭಾಳ ಮಂದಿ ಕೇಳಿದ್ರು, ಅದಕ್ಕ ನೆನಪಿದ್ದಷ್ಟು ಬರದೀನಿ, ಮಾತಾಡಿದ ಹಂಗೇ ಬಿಟ್ಟೀನಿ.

ಎಲ್ಲರಿಗೂ ಶರಣು. ನಾನು ಬೆಂಗಳೂರಾಗ ಆರು ವರ್ಷ ರಿಕ್ರೂಟರ್ ಆಗಿ ಕೆಲಸ ಮಾಡೀನಿ, ಅಂದ್ರ ನಿಮ್ಗ ಫೋನ್ ಮಾಡಿ "ಜಾಬ್ ನೋಡ್ತಾ ಇದೀರಾ?" ಅಂತ ಕೇಳ್ತಾರಲ್ಲ, ಆ ಕಡೆ ಕುಂತವ ನಾನು. ಕಂಪನಿಗೆ ಹುಡುಗ್ರನ್ನ ಹುಡುಕಿ ಕೊಡೋ ಕನ್ಸಲ್ಟೆನ್ಸಿನಾಗ ಇದ್ದೆ. ಈಗ ಊರಿಗೆ ಬಂದು ಎರಡು ವರ್ಷ ಆತು. ಇವತ್ತು ಇಂಟರ್ವ್ಯೂದಾಗ ಹೆಂಗ ಮಾತಾಡ್ಬೇಕು, ರೆಸ್ಯೂಮೆ ಹೆಂಗ ಬರೀಬೇಕು ಅಂತ ಹೇಳಂಗಿಲ್ಲ, ಅದನ್ನ ಹೇಳೋರು ಭಾಳ ಮಂದಿ ಇದ್ದಾರ. ನಾ ಹೇಳೂದು ಅದಕ್ಕಿಂತ ಮೊದಲಿನ ಒಂದು ನಾಲ್ಕು ನಿಮಿಷದ ಬಗ್ಗೆ. ಫೋನ್ ಬರ್ತದ, ಕೆಲಸ ಅದ ಅಂತಾರ, ನಾಳೆ ಹನ್ನೊಂದಕ್ಕ ಇಂಟರ್ವ್ಯೂ ಹಾಕ್ಲಾ ಅಂತಾರ, ನೀವು ಹೂಂ ಅಂತೀರಿ. ಆ ನಾಲ್ಕು ನಿಮಿಷದಾಗ ಜಾಗ, ಶಿಫ್ಟು, ಪಗಾರ, ಈ ಮೂರು ಕೇಳ್ಬೇಕು.

ನೀವು ಹೂಂ ಅಂದಮ್ಯಾಲ ಆ ಕಡೆ ಏನಾಗ್ತದ ಅನ್ನೂದು ಯಾರಿಗೂ ಕಾಣಂಗಿಲ್ಲ, ಅದಕ್ಕ ಅದನ್ನ ಮೊದಲ ತೋರಿಸ್ತೀನಿ. ನನ್ನ ಕಂಪ್ಯೂಟರಿನಾಗ ಒಂದು ಎಕ್ಸೆಲ್ ಶೀಟ್ ತಗದಿರ್ತದ, ಅದಕ್ಕ ಟ್ರ್ಯಾಕರ್ ಅಂತೀವಿ. ಒಂದು ಸಾಲಿಗೆ ಒಬ್ಬ ಕ್ಯಾಂಡಿಡೇಟ್. ಹೆಸರು, ಫೋನ್ ನಂಬರು, ಡಿಗ್ರಿ, ಪಾಸಾದ ವರ್ಷ, ಈಗಿನ ಪಗಾರ, ಕೇಳೋ ಪಗಾರ, ಯಾವಾಗ ಜಾಯಿನ್ ಆಗ್ತಾರ, ಆಮ್ಯಾಲ ಎರಡು ಕಾಲಂ ಇರ್ತಾವ, ಲೊಕೇಶನ್ ಓಕೆನಾ, ಶಿಫ್ಟ್ ಓಕೆನಾ ಅಂತ. ಈ ಎರಡರಾಗ ಖಾಲಿ ಬಿಟ್ರ ಕಂಪನಿಯವ್ರು ಪ್ರೊಫೈಲ್ ತಗೊಳಂಗಿಲ್ಲ, ವಾಪಸ್ ಕಳಿಸ್ತಾರ. ಹಂಗಾಗಿ ನೀವು ಫೋನಿನಾಗ "ಹೂಂ ಸರ್, ನಾಳೆ ಬರ್ತೀನಿ" ಅಂದಿದ್ದೇ ತಡ, ರಿಕ್ರೂಟರ್ ಆ ಎರಡೂ ಕಾಲಂನಾಗ ಯೆಸ್, ಯೆಸ್ ಅಂತ ಹೊಡೀತಾನ. ನೀವು ಒಪ್ಪಿದ್ದು ಬರೇ ಇಂಟರ್ವ್ಯೂಕ್ಕ. ಆದ್ರ ಶೀಟಿನಾಗ ನೀವು ಜಾಗಕ್ಕೂ ಒಪ್ಪೀರಿ, ರಾತ್ರಿ ಪಾಳಿಗೂ ಒಪ್ಪೀರಿ, ಪಗಾರದ ಕಾಲಂನಾಗ ಕಂಪನಿ ಬಜೆಟ್ಟೇ ನಿಮ್ಮ ಅಪೇಕ್ಷೆ ಆಗಿ ಕುಂತಿರ್ತದ.

ಮುಂದ ಎಚ್ಆರ್ ರೌಂಡಿನಾಗ ನೀವು "ಮೇಡಂ, ನೈಟ್ ಶಿಫ್ಟ್ ಆಗಂಗಿಲ್ಲ" ಅಂದ್ರ ಆಕಿ ಶೀಟ್ ನೋಡ್ತಾಳ, ಇಲ್ಲಿ ಯೆಸ್ ಅದ ಅಂತಾಳ, ನಿಮ್ಮ ಹೆಸರಿನ ಮುಂದ ‘ಬ್ಯಾಕ್ಡ್ ಔಟ್’ ಅಂತ ಬರೀತಾಳ. ಭಾಳ ಕಂಪನಿಯಾಗ ಒಂದ್ಸಲ ಹಂಗ ಬರದ್ರ ಇಷ್ಟು ತಿಂಗಳ ತನಕ ಅದೇ ಕ್ಯಾಂಡಿಡೇಟನ್ನ ಮತ್ತ ತಗೊಳಂಗಿಲ್ಲ ಅಂತ ಒಂದು ಲೆಕ್ಕ ಇರ್ತದ, ಕೂಲಿಂಗ್ ಪೀರಿಯಡ್ ಅಂತಾರ. ನೀವು ಸುಳ್ಳು ಹೇಳಿಲ್ಲ, ಯಾರೂ ನಿಮ್ಮನ್ನ ಕೇಳೂ ಇಲ್ಲ, ಆದ್ರೂ ಮಾತು ತಪ್ಪಿದವ್ರು ನೀವೇ ಆಗ್ತೀರಿ.

ಇದು ನಂಗ ಯಾಕ ಇಷ್ಟು ಹತ್ತೀತು ಅಂದ್ರ ನಮ್ಮ ಮನೆಯಾಗೇ ಆಗ್ಯಾದ. ನಮ್ಮ ಕಾಕಾನ ಮಗ, ಶಹಾಪುರದಾಂವ, ಬಿಕಾಂ ಮುಗಿಸಿದ್ದ. ಬೇರೆ ಒಂದು ಕನ್ಸಲ್ಟೆನ್ಸಿಯಿಂದ ಅವಗ ಫೋನ್ ಬಂತು. ಬೆಂಗಳೂರು, ವರ್ಷಕ್ಕ ಮೂರು ಲಕ್ಷ, ಬ್ಯಾಕ್ ಆಫೀಸ್ ಕೆಲಸ, ನಾಡಿದ್ದು ಇಂಟರ್ವ್ಯೂ ಅಂದ್ರು. ಅವ ನಂಗ ಫೋನ್ ಹಚ್ಚಿ "ಅಣ್ಣಾ, ಜಾಗ, ಶಿಫ್ಟು ಏನೂ ಹೇಳ್ಲಿಲ್ಲ, ಕೇಳ್ಲೇನು?" ಅಂದ. ನಾ ಅಂದೆ, "ಈಗೇ ಕೇಳಬ್ಯಾಡ ತಮ್ಮಾ, ಮೊದಲ ಹೋಗಿ ಅಟೆಂಡ್ ಮಾಡು, ಸೆಲೆಕ್ಟ್ ಆದಮ್ಯಾಲ ಕೇಳೀಯಂತ." ನಾನೂ ಅದೇ ಧಂದೆದಾಗ ಇದ್ದವ, ನಮ್ಮ ಕಡೆಯವ್ರು ಏನು ಬಯಸ್ತಾರೋ ಅದನ್ನೇ ಅವಗ ಹೇಳಿದೆ. ಅವ ಯಾದಗಿರಿಗೆ ಬಂದು ರಾತ್ರಿ ಟ್ರೇನ್ ಹತ್ತಿದ, ಮುಂಜಾನೆ ಸ್ಟೇಷನ್ನಿನಾಗೇ ಮುಖ ತೊಳ್ಕೊಂಡು ಇಸ್ತ್ರಿ ಅಂಗಿ ಹಾಕ್ಕೊಂಡು ಹೋದ. ಎರಡು ರೌಂಡ್ ಪಾಸಾದ. ಮೂರನೇದಕ್ಕ ಎಚ್ಆರ್ ಹೇಳಿದ್ದು ಏನಂದ್ರ ಒಂದು ತಿಂಗಳ ಟ್ರೇನಿಂಗ್ ಬೆಂಗಳೂರಾಗ, ಕೆಲಸ ಪುಣೆದಾಗ, ಅಮೆರಿಕಾ ಶಿಫ್ಟು. ಅವನ ಅಪ್ಪಗ ಡಯಾಲಿಸಿಸ್ ನಡದಿತ್ತು, ವಾರಕ್ಕೊಮ್ಮೆರ ಊರಿಗೆ ಬರೂದಿತ್ತು. ಆಗಂಗಿಲ್ಲ ಅಂದು ವಾಪಸ್ ಬಂದ. ಹೋಗಿ ಬರೋ ಖರ್ಚು, ಎರಡು ದಿನ ಊಟ, ಒಂದು ರಾತ್ರಿ ಲಾಡ್ಜು, ಎಲ್ಲಾ ಸೇರಿ ಮೂರು ಸಾವಿರದ ಮ್ಯಾಲ ಹೋಗಿತ್ತು, ಅದು ತೊಗರಿ ಮಾರಿ ಇಟ್ಟ ರೊಕ್ಕ. ಅವ ನನ್ನ ಮುಂದ ಏನೂ ಅನ್ನಲಿಲ್ಲ. ಫೋನಿನಾಗ ಒಂದು ಮಾತು ಕೇಳಿದ್ರ ಮುಗೀತಿತ್ತು, ಕೇಳಬ್ಯಾಡ ಅಂದವ ನಾನು. ಅವತ್ತಿನಿಂದ ನನಗ ಫೋನ್ ಮಾಡಿದ ಯಾವ ಹುಡುಗಗೂ ನಾ ಆ ಮಾತು ಹೇಳಿಲ್ಲ.

ಈಗ ಕೇಳೂದು ಹೆಂಗ ಅನ್ನೂದಕ್ಕ ಬರ್ತೀನಿ. ನಿಮ್ಮೊಳಗ ಭಾಳ ಮಂದಿಗೆ ಒಂದು ಅಂಜಿಕಿ ಇರ್ತದ, ಮೊದಲೇ ಪಗಾರ ಕೇಳಿದ್ರ ಇವ ರೊಕ್ಕದ ಮನುಷ್ಯ ಅಂತಾರ, ಕೆಲಸ ಹೋಗ್ತದ ಅಂತ. ನಾ ಆರು ವರ್ಷದಾಗ ನೋಡಿದ್ದು ಹೇಳ್ತೀನಿ. ಕನ್ಸಲ್ಟೆನ್ಸಿಗೆ ರೊಕ್ಕ ಬರೂದು ನೀವು ಜಾಯಿನ್ ಆಗಿ ಎರಡು ಮೂರು ತಿಂಗಳು ನಿಂತ ಮ್ಯಾಲ. ನಡುವ ಬಿಟ್ಟು ಹೋದ್ರ ಅವ್ರು ಪುಕ್ಕಟೆ ಇನ್ನೊಬ್ಬನ್ನ ಹುಡುಕಿ ಕೊಡ್ಬೇಕು. ಹಂಗಾಗಿ ಅನುಭವ ಇದ್ದ ರಿಕ್ರೂಟರ್‌ಗ ಕೇಳೋ ಕ್ಯಾಂಡಿಡೇಟ್ ಬೇಕಾಗ್ತಾನ, ಯಾಕಂದ್ರ ಕೇಳಿ ಒಪ್ಪಿದವ ನಿಲ್ತಾನ. ಕೇಳಿದ್ರ ಸಿಟ್ಟಿಗೇಳೂದು ಹೊಸಬರು, ಅವ್ರಿಗೆ ದಿನಕ್ಕ ಇಷ್ಟು ಲೈನ್‌ಅಪ್ ಅಂತ ಟಾರ್ಗೆಟ್ ಇರ್ತದ, ಸಂಜಿ ಐದರೊಳಗ ಹತ್ತು ಹೆಸರು ಶೀಟಿನಾಗ ಬರ್ಬೇಕು. ಅವ್ರ ಮ್ಯಾಲ ನೀವು ಸಿಟ್ಟಾಗಬ್ಯಾಡ್ರಿ, ಆದ್ರ ಅವ್ರ ಅವಸರ ನಿಮ್ಮ ಅವಸರ ಆಗಬಾರ್ದು.

ಫೋನಿನಾಗ ಮಾತಾಡೂವಾಗ ಒಂದೇ ಮಾತು ಸಾಕು: "ಸರ್, ನಂಗ ಆಸಕ್ತಿ ಅದ, ಮೂರು ವಿಷಯ ವಾಟ್ಸಾಪಿನಾಗ ಕಳಿಸ್ತೀನಿ, ಅದಕ್ಕ ಉತ್ತರ ಬಂದ್ಕೂಡ್ಲೆ ಟೈಮ್ ಕನ್ಫರ್ಮ್ ಮಾಡ್ತೀನಿ." ಆಸಕ್ತಿ ಅದ ಅನ್ನೂದು ಮೊದಲ ಬರ್ಬೇಕು, ಇಲ್ಲಾಂದ್ರ ಅವ ನಿಮ್ಮನ್ನ ಬಿಟ್ಟು ಮುಂದಿನ ನಂಬರ್ ಹಚ್ತಾನ. ಬರವಣಿಗಿಯಾಗ ಯಾಕ ಅಂದ್ರ ಫೋನಿನಾಗ "ಡೇ ಶಿಫ್ಟೇ ಇರುತ್ತೆ ಬಿಡಿ" ಅನ್ನೂದು ಸಸಾರ, ಅದನ್ನೇ ಟೈಪ್ ಮಾಡು ಅಂದ್ರ ಕೈ ತಡೀತದ.

ಹೋದ ವರ್ಷ ನಮ್ಮ ಓಣಿ ಹುಡುಗಿ ಒಬ್ಬಾಕಿಗೆ ಇಂಥ ಫೋನ್ ಬಂದಾಗ ನಾನು ಬಾಜೂಕೇ ಕುಂತಿದ್ದೆ. ಆಕಿ ಬಿಎಸ್ಸಿ, ಕಸ್ಟಮರ್ ಸಪೋರ್ಟ್ ಕೆಲಸ, ಬೆಂಗಳೂರು ಅಂದಿದ್ರು. ನಾವಿಬ್ರೂ ಕೂಡಿ ಬರದ ಮೆಸೇಜು ಹಿಂಗಿತ್ತು, ಕಳಿಸಿದ್ದು ಇಂಗ್ಲಿಷಿನಾಗ, ನಿಮ್ಗ ಅರ್ಥ ಆಗ್ಲಿ ಅಂತ ಕನ್ನಡದಾಗ ಹೇಳ್ತೀನಿ:

"ನಮಸ್ಕಾರ ಮೇಡಂ, ಈಗ ಮಾತಾಡಿದ ಸಪೋರ್ಟ್ ಕೆಲಸಕ್ಕ ನಂಗ ಆಸಕ್ತಿ ಅದ. ನಾ ಕಲಬುರಗಿಯಿಂದ ಬರ್ಬೇಕು, ಅದಕ್ಕ ಇಂಟರ್ವ್ಯೂ ಕನ್ಫರ್ಮ್ ಮಾಡೂ ಮೊದಲು ಇಷ್ಟು ತಿಳಿಸ್ರಿ. ಟ್ರೇನಿಂಗ್ ಮುಗದ ಮ್ಯಾಲ ಯಾವ ಏರಿಯಾದ ಆಫೀಸಿಗೆ, ವಾರಕ್ಕ ಎಷ್ಟು ದಿನ ಹೋಗ್ಬೇಕು? ಶಿಫ್ಟ್ ಎಷ್ಟರಿಂದ ಎಷ್ಟರ ತನಕ, ಬದಲಾಗ್ತದೇನು, ವಾರದ ರಜೆ ಮತ್ತ ಕ್ಯಾಬ್ ಹೆಂಗ? ಸಿಟಿಸಿ ಎಷ್ಟು, ಅದರಾಗ ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು? ಮೊದಲನೇ ಸುತ್ತು ಆನ್‌ಲೈನ್ ಆಗ್ತದಂದ್ರ ನಾಳೆ ಯಾವ ಟೈಮ್ ಆದ್ರೂ ನಡೀತದ."

ಅಷ್ಟೇ. ಕಂಪನಿ ಹೆಸರು ನಾವು ಕೇಳ್ಲಿಲ್ಲ, ಯಾಕಂದ್ರ ಕನ್ಸಲ್ಟೆನ್ಸಿಯವ್ರು ಮೊದಲೇ ಹೆಸರು ಹೇಳಂಗಿಲ್ಲ, ಕ್ಯಾಂಡಿಡೇಟ್ ನೆಟ್ಟಗ ಕಂಪನಿ ವೆಬ್‌ಸೈಟಿನಾಗ ಹಾಕಿಬಿಟ್ರ ಇವ್ರ ಕಮಿಷನ್ ಹೋಗ್ತದ ಅನ್ನೋ ಅಂಜಿಕಿ ಇರ್ತದ. ಅದು ಖರೇ ಕಾರಣ, ಅದಕ್ಕ ಅನುಮಾನ ಪಡಬ್ಯಾಡ್ರಿ. ಇಂಟರ್ವ್ಯೂ ಟೈಮ್ ಫಿಕ್ಸ್ ಆಗೂವಾಗ ಮಾತ್ರ ಹೆಸರು ಗೊತ್ತಾಗ್ಲೇಬೇಕು.

ಒಂದು ತಾಸಿಗೆ ಉತ್ತರ ಬಂತು. "ಲೊಕೇಶನ್ ಬೆಂಗಳೂರು, ಶಿಫ್ಟ್ ಆಸ್ ಪರ್ ಪ್ರಾಸೆಸ್, ಸ್ಯಾಲರಿ ಆಸ್ ಪರ್ ಕಂಪನಿ ನಾರ್ಮ್ಸ್, ಅಪ್ ಟು 3 ಲಕ್ಷ." ಹುಡುಗಿ "ಅಣ್ಣಾ, ಉತ್ತರ ಕೊಟ್ರಲ್ಲ" ಅಂದ್ಳು. ಮೂರಕ್ಕ ಮೂರೂ ಉತ್ತರ ಆಗಿರ್ಲಿಲ್ಲ. ನಾವು ಒಂದೊಂದನ್ನೇ ಬಿಚ್ಚಿ ನೋಡೋಣು.

ಬೆಂಗಳೂರು ಅನ್ನೂದು ಜಾಗ ಆಗಂಗಿಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಮಾನ್ಯತಾ ಟೆಕ್ ಪಾರ್ಕ್ ಇವೆಲ್ಲಾ ಒಂದೇ ಊರಿನಾಗ ಇದ್ದಂಗ ಕಾಣ್ತಾವ, ಆದ್ರ ಒಂದು ಮೂಲಿಯಿಂದ ಇನ್ನೊಂದು ಮೂಲಿಗೆ ಟ್ರಾಫಿಕ್ಕಿನಾಗ ಎರಡು ತಾಸು ಹಿಡೀತದ. ನಿಮ್ಮ ಅಕ್ಕನ ಮನಿ ಯಲಹಂಕದಾಗ ಅದ, ಅಲ್ಲೇ ಇದ್ದು ಹೋಗ್ತೀನಿ ಅಂತ ಲೆಕ್ಕ ಹಾಕಿ ಎಲೆಕ್ಟ್ರಾನಿಕ್ ಸಿಟಿ ಕೆಲಸ ಒಪ್ಪಿದ್ರ ಎರಡನೇ ವಾರಕ್ಕ ಪಿಜಿ ಹುಡುಕ್ತೀರಿ, ಪಿಜಿ ಅಂದ್ರ ಅಡ್ವಾನ್ಸು, ಬಾಡಿಗಿ, ಪಗಾರದ ಲೆಕ್ಕಾನೇ ಬದಲಾಗ್ತದ. ಬೀದರಿನವ್ರಿಗೂ ಇದೇ ಮಾತು. ಹೈದರಾಬಾದ್ ಬಾಜೂಕೇ ಅದ ಅಂತ ಕಣ್ಣು ಮುಚ್ಚಿ ಒಪ್ತೀರಿ, ಗಚ್ಚಿಬೌಲಿ ಕಡೆ ಆಫೀಸು ಇದ್ರ ಖರೇನ ಸೋವಿ, ಉಪ್ಪಲ್ ಕಡೆ ಇದ್ರ ಇಡೀ ಊರು ದಾಟಿ ಹೋಗ್ಬೇಕು. ಇನ್ನ ಇಂಟರ್ವ್ಯೂ ಆಗೋ ಜಾಗ, ಟ್ರೇನಿಂಗ್ ಆಗೋ ಜಾಗ, ಕೆಲಸ ಮಾಡೋ ಜಾಗ, ಈ ಮೂರೂ ಬ್ಯಾರೆ ಬ್ಯಾರೆ ಇರಬಹುದು, ನಮ್ಮ ಕಾಕಾನ ಮಗ ಬಿದ್ದಿದ್ದು ಅದೇ ತೆಗ್ಗಿನಾಗ. ‘ಸದ್ಯಕ್ಕ ವರ್ಕ್ ಫ್ರಮ್ ಹೋಮ್’ ಅಂದ್ರೂ ಸದ್ಯಕ್ಕ ಅನ್ನೋದು ಎಲ್ಲಿ ತನಕ ಅಂತ ಕೇಳ್ರಿ, ಕರದ್ರ ಯಾವ ಆಫೀಸಿಗೆ ಬರ್ಬೇಕು ಅಂತನೂ ಕೇಳ್ರಿ.

‘ಆಸ್ ಪರ್ ಪ್ರಾಸೆಸ್’ ಅನ್ನೂದು ಭಾಳ ಜಾಣ ಮಾತು. ಪ್ರಾಸೆಸ್ ಅಂದ್ರ ನೀವು ಯಾವ ದೇಶದ ಗಿರಾಕಿಗೆ ಕೆಲಸ ಮಾಡ್ತೀರೋ ಅದು. ಇಂಡಿಯಾ ಪ್ರಾಸೆಸ್ ಇದ್ರ ಹಗಲು. ಲಂಡನ್‌ದವ್ರಿಗೆ ಕೆಲಸ ಮಾಡಿದ್ರ ಅಲ್ಲಿನ ಮುಂಜಾನೆ ಒಂಬತ್ತು ನಮಗ ಬ್ಯಾಸಿಗಿದಾಗ ಮಧ್ಯಾಹ್ನ 1:30, ಚಳಿಗಾಲದಾಗ 2:30. ನ್ಯೂಯಾರ್ಕಿನ ಮುಂಜಾನೆ ಒಂಬತ್ತು ಅಂದ್ರ ನಮಗ ಸಂಜಿ 6:30, ನವೆಂಬರ್‌ನಾಗ ಅವ್ರು ಗಡಿಯಾರ ಒಂದು ತಾಸು ಹಿಂದ ಸರಸ್ತಾರ, ಆಗ ನಮಗ 7:30. ಶಿಫ್ಟ್ ಬೆಳಗಿನ 3:30ಕ್ಕ ಮುಗೀತಿದ್ದಿದ್ದು 4:30 ಆಗ್ತದ. ಇದು ಯಾರೋ ಮೋಸ ಮಾಡಿದ್ದಲ್ಲ, ಆ ದೇಶದ ಗಡಿಯಾರ ಹಂಗದ, ಆದ್ರ ಮೊದಲೇ ಗೊತ್ತಿದ್ರ ನವೆಂಬರ್‌ನಾಗ ಗಾಬರಿ ಆಗಂಗಿಲ್ಲ. ಅದಕ್ಕ ಶಿಫ್ಟ್ ಕೇಳೂವಾಗ ಡೇನಾ ನೈಟಾ ಅಂತ ಕೇಳಬ್ಯಾಡ್ರಿ. ಎಷ್ಟು ಗಂಟೆಗೆ ಲಾಗಿನ್, ಎಷ್ಟು ಗಂಟೆಗೆ ಲಾಗೌಟ್ ಅಂತ ಗಡಿಯಾರದ ಟೈಮ್ ಕೇಳ್ರಿ. ಮಧ್ಯಾಹ್ನ ಎರಡಕ್ಕ ಶುರು ಆಗಿ ರಾತ್ರಿ ಹನ್ನೊಂದಕ್ಕ ಮುಗಿಯೋ ಕೆಲಸಕ್ಕೂ ಡೇ ಶಿಫ್ಟ್ ಅನ್ನೋರು ಇದ್ದಾರ, ನಾ ಕೇಳೀನಿ.

ರೊಟೇಷನಲ್ ಅಂದ್ರ ಎಷ್ಟು ದಿನಕ್ಕ ಒಮ್ಮೆ ಪಾಳಿ ಬದಲಾಗ್ತದ ಅನ್ನೂದು ಮುಖ್ಯ. ತಿಂಗಳಿಗೆ ಒಮ್ಮೆ ಆದ್ರ ಮೈ ಹೊಂದ್ಕೋತದ, ವಾರಕ್ಕ ಒಮ್ಮೆ ಆದ್ರ ನಿದ್ದಿ ಹಾಳು. ರಜೆನೂ ಹಂಗೇ. ಎರಡು ದಿನ ರಜೆ ಅಂತಾರ, ಒಂದು ಮಂಗಳವಾರ, ಒಂದು ಶುಕ್ರವಾರ ಬಂದ್ರ ಕಲಬುರಗಿಗೆ ಹೆಂಗ ಬರ್ತೀರಿ? ಬೆಂಗಳೂರಿನಿಂದ ನಮ್ಮೂರಿಗೆ ಸುಮಾರು ಆರುನೂರು ಕಿಲೋಮೀಟರ್, ಒಂದೇ ದಿನದ ರಜೆದಾಗ ಆಗೋ ಮಾತಲ್ಲ. ಬೆಂಗಳೂರಾಗೇ ಮನಿ ಇದ್ದವ್ರಿಗೆ ಇದು ದೊಡ್ಡ ವಿಷಯ ಅನಸಂಗಿಲ್ಲ, ನಮ್ಮ ಕಡೆಯವ್ರಿಗೆ ಮಾತ್ರ ಎರಡು ರಜೆ ಕೂಡಿ ಬರ್ತಾವೋ ಇಲ್ಲೋ ಅನ್ನೂದು ಶಿಫ್ಟಿನಷ್ಟೇ ದೊಡ್ಡದು.

ಇಲ್ಲಿ ಒಬ್ಬ ತಂಗಿ ಎದ್ದು ಕೇಳಿದ್ಳು, "ಸರ್, ಹುಡುಗ್ಯಾರಿಗೆ ನೈಟ್ ಶಿಫ್ಟ್ ಹಾಕ್ಲಿಕ್ಕೆ ಬರಂಗಿಲ್ಲ ಅಂತಾರ, ಖರೆ ಏನ್ರಿ?" ಬರ್ತದ ತಂಗಿ, ಆದ್ರ ನಿಮ್ಮ ಒಪ್ಪಿಗಿ ಬೇಕು. ಸಂಜಿ ಏಳರ ಮ್ಯಾಲ, ಮುಂಜಾನೆ ಆರರ ಒಳಗ ಹೆಣ್ಮಕ್ಕಳಿಂದ ಕೆಲಸ ಮಾಡಿಸ್ಬೇಕಂದ್ರ ಅವ್ರ ಒಪ್ಪಿಗಿ ಇರ್ಬೇಕು, ಸುರಕ್ಷತೆಗೆ ಬೇಕಾದ ವ್ಯವಸ್ಥಾ ಕಂಪನಿ ಮಾಡ್ಬೇಕು ಅಂತ ಕೇಂದ್ರದ ಹೊಸ ಕಾರ್ಮಿಕ ಸಂಹಿತೆದಾಗ ಅದ, ಆ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಾವ. ಅದಕ್ಕೇ ಹೇಳಿದ್ದು, ಟ್ರ್ಯಾಕರಿನಾಗ ಬೀಳೋ ಆ ಯೆಸ್ ನಿಮ್ಮದಾಗಿರ್ಬೇಕು, ಇನ್ಯಾರೋ ಹೊಡದಿದ್ದು ಆಗಬಾರ್ದು. ಕ್ಯಾಬ್ ಅದ ಅಂದ್ರೂ ಹೋಗ್ಲಿಕ್ಕೆ ಬರ್ಲಿಕ್ಕೆ ಎರಡೂ ಅದನೋ, ಬರೇ ಡ್ರಾಪ್ ಅದನೋ, ಆಫೀಸಿನಿಂದ ಎಷ್ಟು ಕಿಲೋಮೀಟರ್ ಒಳಗ ಇದ್ರ ಕೊಡ್ತಾರ, ಮನಿ ಬಾಗಿಲಿಗೆ ಬಿಡ್ತಾರೋ ಮೇನ್ ರೋಡಿನ ಒಂದು ಪಾಯಿಂಟಿಗೆ ಬಿಡ್ತಾರೋ, ಅದಕ್ಕ ಪಗಾರದಾಗ ಏನರ ಕಟ್ ಮಾಡ್ತಾರೋ, ಇಷ್ಟು ಕೇಳು. ಪಿಜಿ ಹಿಡಿಯೋ ಮೊದಲೇ ಕೇಳು, ಆ ಕಿಲೋಮೀಟರ್ ಗೆರಿಯ ಆಚೆ ಮನಿ ಮಾಡಿದ್ರ ರಾತ್ರಿ ಹನ್ನೊಂದಕ್ಕ ಆಟೋ ಹುಡುಕೂದು ಆಗ್ತದ.

ಈಗ ಪಗಾರ. ಇಲ್ಲಿ ಸ್ವಲ್ಪ ನಿಧಾನಕ್ಕ ಹೋಗೋಣು, ಯಾಕಂದ್ರ ಮನಿಯವ್ರಿಗೆ ಹೇಳೂದು ಇದನ್ನೇ. ‘ಮೂರು ಲಕ್ಷ’ ಅಂದ್ಕೂಡ್ಲೆ ನಮ್ಮ ಅಪ್ಪ ಅವ್ವ ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 25,000 ಅಂತ ಓಣಿಗೆಲ್ಲಾ ಹೇಳಿಬಿಡ್ತಾರ. ಸಿಟಿಸಿ ಅಂದ್ರ ನಿಮ್ಮ ಸಲುವಾಗಿ ಕಂಪನಿಗೆ ವರ್ಷಕ್ಕ ಬೀಳೋ ಖರ್ಚು, ನಿಮ್ಮ ಕೈಗೆ ಬರೋ ಪಗಾರ ಅಲ್ಲ. ಆ ಹುಡುಗಿ ಕೆಲಸದ್ದೇ ಲೆಕ್ಕ ಹಾಕಿ ತೋರಿಸ್ತೀನಿ. ನಾವು ಎರಡನೇ ಸಲ ಕೇಳಿದ ಮ್ಯಾಲ ಆ ಮೇಡಂ ಕಂಪನಿಗೆ ಫೋನ್ ಮಾಡಿ ಸರಿಯಾಗಿ ಉತ್ತರ ಕೊಟ್ರು: ವೈಟ್‌ಫೀಲ್ಡ್ ಆಫೀಸು, ವಾರಕ್ಕ ಐದು ದಿನ, ಮಧ್ಯಾಹ್ನ 1:30ರಿಂದ ರಾತ್ರಿ 10:30, ಬರೇ ಡ್ರಾಪ್ ಕ್ಯಾಬ್, ಸಿಟಿಸಿ 3 ಲಕ್ಷ, ಅದರಾಗ ನೂರಕ್ಕ ಹತ್ತು ವೇರಿಯಬಲ್, ಬೇಸಿಕ್ ಅಂದ್ರ ಮೂಲ ಪಗಾರ ತಿಂಗಳಿಗೆ 15,000.

ತಿಂಗಳಿಗೆ 25,000 ಹಿಡೀರಿ. ಅದರಾಗ ವೇರಿಯಬಲ್ 2,500 ತಗೀರಿ, ಅದು ನಿಮ್ಮ ಕೆಲಸದ ರೇಟಿಂಗ್ ನೋಡಿ ಮೂರು ತಿಂಗಳಿಗೊಮ್ಮೆ ಕೊಡೂದು, ಪೂರಾ ಬರ್ತದ ಅಂತ ಇಲ್ಲ. ಉಳದಿದ್ದು 22,500. ಇದರಾಗ ಕಂಪನಿ ಕಡೆಯ ಪಿಎಫ್, ಬೇಸಿಕ್ಕಿನ ನೂರಕ್ಕ 12, ಅಂದ್ರ 1,800. ಗ್ರಾಚ್ಯುಟಿ, ಅಂದ್ರ ಕೆಲಸ ಬಿಡೂವಾಗ ಕೊಡೋ ಗಂಟು ಅಂತ ಬೇಸಿಕ್ಕಿನ ನೂರಕ್ಕ 4.81 ಎತ್ತಿ ಇಡ್ತಾರ, ಸುಮಾರು 720, ಕಾಯಂ ನೌಕರಗ ಅದು ಐದು ವರ್ಷ ನಿಂತ್ರ ಮಾತ್ರ ಕೈಗೆ ಬರ್ತದ. ಆಮ್ಯಾಲ ಇಎಸ್ಐ, ಅಂದ್ರ ನೌಕರರ ಆರೋಗ್ಯ ವಿಮೆ, ಗ್ರಾಸ್ ಅಂದ್ರ ಕಟ್ ಆಗೂಕಿಂತ ಮೊದಲಿನ ಪಗಾರ 21,000 ಒಳಗ ಇದ್ರ ಅದು ಹತ್ತತದ, ಕಂಪನಿ ಪಾಲು ನೂರಕ್ಕ 3.25, ಇಲ್ಲಿ ಸುಮಾರು 630. ಇಷ್ಟು ಕಳದ್ರ ಉಳಿಯೋ 19,350 ನಿಮ್ಮ ಗ್ರಾಸ್. ಅದರಾಗ ಮತ್ತ ನಿಮ್ಮ ಪಾಲಿನ ಪಿಎಫ್ 1,800, ನಿಮ್ಮ ಪಾಲಿನ ಇಎಸ್ಐ ನೂರಕ್ಕ 0.75, ಸುಮಾರು 146 ಕಟ್ ಆಗ್ತದ. ಬ್ಯಾಂಕಿಗೆ ಬರೂದು ಸುಮಾರು 17,400. ಕರ್ನಾಟಕದಾಗ ಪಗಾರ 25,000 ಒಳಗ ಇದ್ರ ವೃತ್ತಿ ತೆರಿಗಿ ಇಲ್ಲ. ಇದೇ ಪಗಾರದ ಕೆಲಸ ಹೈದರಾಬಾದಿನಾಗ ಇದ್ದಿದ್ರ ತಿಂಗಳಿಗೆ ಇನ್ನ 150 ಹೋಗ್ತಿತ್ತು.

25,000 ಎಲ್ಲಿ, 17,400 ಎಲ್ಲಿ. ಈ ಪಿಎಫ್, ಇಎಸ್ಐ ಕಟ್ ಆಗೂದು ಕೆಟ್ಟದ್ದು ಅಂತ ನಾ ಹೇಳ್ಲತ್ತಿಲ್ಲ, ಪಿಎಫ್ ನಿಮ್ಮ ರೊಕ್ಕಾನೇ, ಇಎಸ್ಐ ಇದ್ರ ನಮ್ಮ ಸೇಡಂ ರೋಡಿನ ಇಎಸ್ಐ ಆಸ್ಪತ್ರಿಯಂಥಲ್ಲಿ ಅಪ್ಪ ಅವ್ವನ ಇಲಾಜಿಗೂ ದಾರಿ ಆಗ್ತದ. ಕಟ್ ಮಾಡಂಗಿಲ್ಲ, ಪೂರಾ ಕೈಗೇ ಕೊಡ್ತೀವಿ ಅನ್ನೋ ಕಡೆ ಇನ್ನೂ ಎರಡು ಮಾತು ಹೆಚ್ಚಿಗಿ ಕೇಳ್ಬೇಕು. ನಾ ಹೇಳೂದು ಏನಂದ್ರ ಪಿಜಿ ಬಾಡಿಗಿ ಕೊಡೂದು 17,400ರಾಗ, ಮನಿಗೆ ಕಳಿಸೂದೂ ಅದರಾಗೇ, ಹಂಗಾಗಿ ಟ್ರೇನ್ ಹತ್ತೂ ಮೊದಲೇ ಆ ಅಂಕಿ ನಿಮ್ಮ ಕೈಯಾಗ ಇರ್ಬೇಕು. ‘ಅಪ್ ಟು 3 ಲಕ್ಷ’ ಅಂದ್ರ ಮೂರು ಲಕ್ಷ ಮ್ಯಾಲಿನ ಗೆರಿ, ಅಷ್ಟು ಕೊಡ್ತಾರ ಅಂತ ಅರ್ಥ ಅಲ್ಲ, ಫ್ರೆಶರ್‌ಗೆ ಎಲ್ಲಿಂದ ಶುರು ಅಂತ ಕೇಳ್ರಿ. ನೈಟ್ ಅಲೋಯನ್ಸ್ ಅಂತ ಹೇಳಿದ್ರ ಅದು ಸಿಟಿಸಿ ಒಳಗೋ ಹೊರಗೋ ಅಂತ ಕೇಳ್ರಿ. ಪಗಾರ ಕಂಪನಿಯದೇ ಪೇರೋಲಿನ ಮ್ಯಾಲೋ ಥರ್ಡ್ ಪಾರ್ಟಿ ಅಂದ್ರ ನಡುವಿನ ಬ್ಯಾರೆ ಏಜೆನ್ಸಿ ಪೇರೋಲಿನ ಮ್ಯಾಲೋ, ಅದನ್ನೂ ಕೇಳ್ರಿ, ಥರ್ಡ್ ಪಾರ್ಟಿ ಆದ್ರ ಕಾಂಟ್ರ್ಯಾಕ್ಟ್ ಎಷ್ಟು ತಿಂಗಳು ಅನ್ನೂದು ಅದರ ಹಿಂದೇ ಬರ್ತದ.

ಒಂದು ಮಿತಿ ಹೇಳ್ಬೇಕು. ಇಂಟರ್ವ್ಯೂ ಮೊದಲು ಪೈಸಾ ಪೈಸಾ ಬ್ರೇಕಪ್ ಕೇಳಬ್ಯಾಡ್ರಿ, ಎಚ್ಆರ್ಎ ಎಷ್ಟು, ಸ್ಪೆಷಲ್ ಅಲೋಯನ್ಸ್ ಎಷ್ಟು ಅಂತ. ಅದು ರಿಕ್ರೂಟರ್ ಹತ್ರ ಖರೇನ ಇರಂಗಿಲ್ಲ, ಆಫರ್ ಜೋಡಿ ಬರೋ ಕಾಗದದಾಗ ಇರ್ತದ. ಆದ್ರ ಬಜೆಟ್ ಎಲ್ಲಿಂದ ಎಲ್ಲಿ ತನಕ, ಫಿಕ್ಸೆಡ್ ಎಷ್ಟು ವೇರಿಯಬಲ್ ಎಷ್ಟು, ಇವು ಕಂಪನಿ ಅವ್ರಿಗೆ ಕೆಲಸ ಕೊಟ್ಟ ದಿನಾನೇ ಹೇಳಿರ್ತದ. ಲೊಕೇಶನ್, ಶಿಫ್ಟೂ ಹಂಗೇ. ಅದು ಗೊತ್ತಿಲ್ಲ ಅಂದ್ರ ಎರಡರಾಗ ಒಂದು, ಹೊಸ ಹುಡುಗ ಇನ್ನೂ ಕೇಳಿಲ್ಲ, ಇಲ್ಲಾ ಹೇಳ್ಲಿಕ್ಕೆ ಮನಸಿಲ್ಲ. ಎರಡಕ್ಕೂ ಒಂದೇ ಮಾತು: "ಪರವಾಗಿಲ್ಲ, ಕೇಳಿ ಹೇಳ್ರಿ, ನಾ ಕಾಯ್ತೀನಿ." ಮೊದಲನೇ ಥರದವ ಕೇಳ್ಕೊಂಡು ವಾಪಸ್ ಬರ್ತಾನ, ಆ ಮೇಡಂ ಬಂದಂಗ. ಎರಡನೇ ಥರದವ "ಇಂಟರೆಸ್ಟ್ ಇದ್ರೆ ಬನ್ನಿ, ಇಲ್ಲಾಂದ್ರೆ ಬಿಡಿ" ಅಂತಾನ. ಅಂಥಲ್ಲಿ ಬಿಡ್ರಿ, ಆನ್‌ಲೈನ್ ರೌಂಡ್ ಇದ್ರ ಬೇಕಾದ್ರ ಪ್ರಾಕ್ಟೀಸಿಗೆ ಕೊಡ್ರಿ, ಟಿಕೆಟ್ ಮಾತ್ರ ತಗಸಬ್ಯಾಡ್ರಿ. ರಿಜಿಸ್ಟ್ರೇಷನ್ ಅಂತ, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ರೊಕ್ಕ ಕೇಳಿದ್ರ ಅಲ್ಲಿಗೇ ಫೋನ್ ಇಡ್ರಿ.

ಹಿಂದಿನ ಸಾಲಿನಾಗ ಕುಂತ ಒಬ್ಬ ಹಿರಿಯರು, ಮಗಳ ಜೋಡಿ ಬಂದಿದ್ರು, ಕೇಳಿದ್ರು: "ತಮ್ಮಾ, ನಮ್ಮ ಕಡೆ ನೌಕರಿ ಸಿಗೂದೇ ಕಷ್ಟ, ಇಷ್ಟೆಲ್ಲಾ ಕೇಳಿದ್ರ ಇದ್ದದ್ದೂ ಹೋಗಂಗಿಲ್ಲೇನು?" ಆ ಅಂಜಿಕಿ ನಂಗ ಗೊತ್ತದ ಕಾಕಾ, ನಮ್ಮ ಮನೆಯಾಗೂ ಇದೇ ಅಂಜಿಕಿ ಇತ್ತು. ಒಂದೊಂದ್ಸಲ ಹೋಗ್ತದ, ಇಲ್ಲ ಅನ್ನಂಗಿಲ್ಲ. ರಿಕ್ರೂಟರ್ ಅವಸರದಾಗ ಇದ್ರ ಮುಂದಿನವಗ ಫೋನ್ ಹಚ್ತಾನ. ಆದ್ರ ಹಂಗ ಹೋಗೋ ಕೆಲಸ ಯಾವುದು ನೋಡ್ರಿ, ಜಾಗ ಹೇಳ್ಲಿಕ್ಕೆ ಆಗಲಾರದ್ದು, ಟೈಮ್ ಹೇಳ್ಲಿಕ್ಕೆ ಆಗಲಾರದ್ದು. ಇನ್ನ ಎಲ್ಲಾ ಗೊತ್ತಾದ ಮ್ಯಾಲ ರಾತ್ರಿ ಪಾಳಿ ಆದ್ರೂ ಸೈ, ಪುಣೆ ಆದ್ರೂ ಸೈ, ಹೋಗ್ತೀನಿ ಅಂದ್ರ ಹೋಗ್ಲಿ, ಅದ್ರಾಗ ತಪ್ಪಿಲ್ಲ. ನಮ್ಮ ಭಾಗದ ಎಷ್ಟೋ ಹುಡುಗ್ರು ಅಮೆರಿಕಾ ಶಿಫ್ಟ್ ಮಾಡೇ ತಂಗ್ಯಾರ ಲಗ್ನ ಮಾಡ್ಯಾರ. ಅವ್ರು ತಿಳಿದು ಹೋದ್ರು.

ಆ ಹುಡುಗಿ ಏನ್ ಮಾಡಿದ್ಳು ಅಂತ ಕೇಳ್ತೀರಿ. ಮೊದಲ ಎರಡು ಸುತ್ತು ಆನ್‌ಲೈನ್ ಮಾಡಿಸ್ಕೊಂಡ್ಳು, ಮೆಸೇಜಿನ ಕೊನಿ ಸಾಲು ಅದಕ್ಕೇ ಹಾಕಿದ್ದು. ಪಾಸಾದ್ಳು. ಎಚ್ಆರ್ ರೌಂಡಿನಾಗ ತಾನೇ ಮೊದಲ ಹೇಳಿದ್ಳು, ನಂಗ ತಿಳಿಸಿದ್ದು ವೈಟ್‌ಫೀಲ್ಡ್, 1:30ರಿಂದ 10:30, ಡ್ರಾಪ್ ಕ್ಯಾಬ್, ಹೌದಲ್ಲ ಮೇಡಂ ಅಂತ. ಅವ್ರು ಹೌದು ಅಂದ್ರು. ಆಫರ್ ಲೆಟರ್ ಬಂದಾಗ ಅದರಾಗ ‘ಕಂಪನಿ ಅಗತ್ಯಕ್ಕ ತಕ್ಕಂಗ ಶಿಫ್ಟ್, ಜಾಗ ಬದಲಾಯಿಸಬಹುದು’ ಅಂತ ಒಂದು ಸಾಲು ಇತ್ತು. ಆಕಿ ಗಾಬರಿ ಆಗಿ ರಾತ್ರಿ ಒಂಬತ್ತಕ್ಕ ನಮ್ಮ ಮನಿಗೆ ಬಂದ್ಳು. ಈ ಸಾಲು ಬಹಳಷ್ಟು ಆಫರ್ ಲೆಟರಿನಾಗ ಇರ್ತದ, ಅದನ್ನ ತಗಸ್ಲಿಕ್ಕೆ ಫ್ರೆಶರ್‌ಗೆ ಆಗಂಗಿಲ್ಲ. ವಾಟ್ಸಾಪ್ ಮೆಸೇಜ್ ತೋರಿಸಿ ಕಂಪನಿನ್ನ ಕಟ್ಟಿ ಹಾಕ್ಲಿಕ್ಕೂ ಬರಂಗಿಲ್ಲ, ಕೊನಿಗೆ ನಡಿಯೂದು ಆಫರ್ ಲೆಟರಿನ ಮಾತೇ. ಆದ್ರ ಆ ಮೆಸೇಜಿನ ಫೋಟೋ ಇಟ್ಕೊಂಡು ಕೇಳ್ಲಿಕ್ಕೆ ಬರ್ತದ. ಆಕಿ ಎಚ್ಆರ್‌ಗ ಮೇಲ್ ಹಾಕಿದ್ಳು, ಜಾಯಿನ್ ಆಗೂವಾಗ ನನ್ನ ಪ್ರಾಸೆಸ್ಸಿನ ಶಿಫ್ಟ್ ಯಾವುದು, ಬದಲಾದ್ರ ಎಷ್ಟು ದಿನ ಮೊದಲು ತಿಳಿಸ್ತೀರಿ ಅಂತ. ಮರುದಿನ ಉತ್ತರ ಬಂತು, 1:30ರಿಂದ 10:30, ಚಳಿಗಾಲದಾಗ ಒಂದು ತಾಸು ಮುಂದ, ಬದಲಾದ್ರ ಹದಿನೈದು ದಿನ ಮೊದಲು ಅಂತ.

ಆ ಒಂದು ತಾಸು ಆಕಿಗೆ ಹೊಸದಾಗಿರ್ಲಿಲ್ಲ. ಡ್ರಾಪ್ ಕ್ಯಾಬಿನ ಗೆರಿ ಒಳಗ, ಆಫೀಸಿನಿಂದ ನಾಲ್ಕು ಕಿಲೋಮೀಟರ್ ಮ್ಯಾಲ ಪಿಜಿ ಹಿಡದ್ಳು, ಕೈಗೆ ತಿಂಗಳಿಗೆ 17,400 ಬರ್ತದ ಅಂತ ಅಪ್ಪಗ ಮೊದಲೇ ಹೇಳಿ ಹೋದ್ಳು, ಮೊದಲನೇ ಪಗಾರ ಜಮಾ ಆದ ಮೆಸೇಜ್ ನಂಗೂ ಕಳಿಸಿದ್ಳು. ಹನ್ನೆರಡು ರೂಪಾಯಿ ಫರಕ್ ಇತ್ತು.